ವಿದೇಶದಲ್ಲಿ ಇಳಿದ ಮೇಲೆ ಡೇಟಾ ಬಾರದಿದ್ದರೆ: ಮೂರು ಒಪ್ಪಿಗೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ

ವಿಮಾನ ಇಳಿದು ಏರೋಪ್ಲೇನ್ ಮೋಡ್ ತೆಗೆದ ಮೇಲೆ ಫೋನಿನಲ್ಲಿ ಸಿಗ್ನಲ್ ಗೆರೆಗಳು ತುಂಬಿರುತ್ತವೆ, ಪರಿಚಯವಿಲ್ಲದ ಕಂಪನಿಯೊಂದರ ಹೆಸರೂ ಕಾಣಿಸುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಆಗ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ: ಸೆಟ್ಟಿಂಗ್ಸ್‌ನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಿ, ಪ್ರತಿ ಸಲವೂ ಬ್ರೌಸರ್ ತೆರೆದು ನೋಡಿ, ಪುಟ ಬಾರದಿದ್ದರೆ ಆ ಬದಲಾವಣೆಯಿಂದ ಪ್ರಯೋಜನವಿಲ್ಲ ಎಂದು ಹಿಂದಕ್ಕೆ ತಿರುಗಿಸುವುದು. ಈ ದೋಷವನ್ನು ಹುಡುಕುವಾಗ ದಾರಿ ತಪ್ಪುವುದು ಇಲ್ಲಿಯೇ.

ವಿದೇಶದಲ್ಲಿ ಡೇಟಾ ಹರಿಯಬೇಕಾದರೆ ಮೂರು ಕಡೆಯ ಒಪ್ಪಿಗೆ ಒಟ್ಟಿಗೆ ಇರಬೇಕು. ಮೊದಲನೆಯದು ನಿಮ್ಮ ಫೋನಿನದು, ಅಂದರೆ ಡೇಟಾ ರೋಮಿಂಗ್ ಸ್ವಿಚ್. ಎರಡನೆಯದು ಅಲ್ಲಿನ ನೆಟ್‌ವರ್ಕ್ ನಿಮ್ಮ ಸಿಮ್ಮನ್ನು ನೋಂದಾಯಿಸಿಕೊಳ್ಳುವುದು. ಮೂರನೆಯದು ನಿಮ್ಮ ತವರು ಕಂಪನಿಯದು, ಅಂದರೆ ನೀವು ಕೊಂಡ ಪ್ಯಾಕ್ ಜಾರಿಯಾಗಿರುವುದು. ಮೂರರಲ್ಲಿ ಯಾವ ಒಂದು ಇಲ್ಲದಿದ್ದರೂ ಪರದೆಯ ಮೇಲೆ ಕಾಣುವ ಲಕ್ಷಣ ಒಂದೇ, ಪುಟ ತೆರೆಯುವುದಿಲ್ಲ. ಎರಡು ಕಡೆ ಒಟ್ಟಿಗೆ ತಪ್ಪಿದ್ದರಂತೂ ಒಂದನ್ನು ಸರಿಪಡಿಸಿದ ಮೇಲೂ ಲಕ್ಷಣ ಹಾಗೆಯೇ ಉಳಿಯುತ್ತದೆ, ಮತ್ತು ನಾವು ಸರಿಯಾದ ಬದಲಾವಣೆಯನ್ನೇ ತಪ್ಪೆಂದು ಭಾವಿಸಿ ಅಳಿಸಿಬಿಡುತ್ತೇವೆ. ಆದ್ದರಿಂದ ಪುಟ ತೆರೆಯಿತೇ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳದೆ, ಪ್ರತಿ ಒಪ್ಪಿಗೆಗೂ ಅದರದೇ ಆದ ಸಾಕ್ಷಿಯನ್ನು ನೋಡಬೇಕು.

ಪರೀಕ್ಷೆ ಆರಂಭಿಸುವ ಮುನ್ನ ವೈ-ಫೈ ಆಫ್ ಮಾಡಿರಿ. ನಿಲ್ದಾಣದ ಉಚಿತ ವೈ-ಫೈಗೆ ಫೋನ್ ಅರ್ಧ ಅಂಟಿಕೊಂಡಿದ್ದರೆ ಮೊಬೈಲ್ ಡೇಟಾ ಸರಿಯಿದ್ದರೂ ಕೆಟ್ಟಂತೆ ಕಾಣುತ್ತದೆ. ವಿಪಿಎನ್ ಇದ್ದರೆ ಅದನ್ನೂ ಸದ್ಯಕ್ಕೆ ನಿಲ್ಲಿಸಿರಿ.

ಫೋನಿನ ಒಪ್ಪಿಗೆ

ಡೇಟಾ ರೋಮಿಂಗ್ ಸ್ವಿಚ್ ಕೇವಲ ಫೋನಿನೊಳಗಿನ ಕಾವಲು. ಅದು ಆಫ್ ಆಗಿದ್ದಾಗ ಫೋನ್ ತಾನು ತವರು ನೆಟ್‌ವರ್ಕಿನಲ್ಲಿ ಇಲ್ಲ ಎಂಬುದನ್ನು ಗುರುತಿಸಿ, ಇಂಟರ್ನೆಟ್ ಸಂಪರ್ಕವನ್ನು ಕೇಳುವುದೇ ಇಲ್ಲ. ನೆಟ್‌ವರ್ಕ್ ನಿರಾಕರಿಸಿತು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೀಗಾಗಿ ಕರೆ ಮತ್ತು ಎಸ್‌ಎಂಎಸ್ ಸರಾಗವಾಗಿ ನಡೆಯುತ್ತಿದ್ದು ಡೇಟಾ ಮಾತ್ರ ಇಲ್ಲವೆಂದರೆ ಮೊದಲ ಸಂಶಯ ಇದರ ಮೇಲೆಯೇ ಬೀಳಬೇಕು.

ಆಂಡ್ರಾಯ್ಡ್‌ನಲ್ಲಿ ಇದು ಸಾಮಾನ್ಯವಾಗಿ Settings, Network & internet, SIMs ಎಂಬ ದಾರಿಯಲ್ಲಿ Roaming ಎಂಬ ಹೆಸರಿನಲ್ಲಿರುತ್ತದೆ; ತಯಾರಕರು ಈ ಹೆಸರುಗಳನ್ನು ಅಲ್ಪಸ್ವಲ್ಪ ಬದಲಿಸಿರುತ್ತಾರೆ. ಐಫೋನಿನಲ್ಲಿ ಮೊಬೈಲ್ ಡೇಟಾ ಸೆಟ್ಟಿಂಗಿನೊಳಗೆ Data Roaming ಎಂದು ಕಾಣುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಈ ಸ್ವಿಚ್ ಪ್ರತಿ ಸಿಮ್ಮಿಗೂ ಬೇರೆ ಬೇರೆ ಎಂಬುದನ್ನು ಮರೆಯುವವರೇ ಹೆಚ್ಚು. ಪ್ಯಾಕ್ ಎರಡನೇ ಸಿಮ್ಮಿನಲ್ಲಿದ್ದು, ಸ್ವಿಚ್ ಹಾಕಿದ್ದು ಮೊದಲನೆಯದಕ್ಕಾದರೆ ಎರಡು ನಷ್ಟ: ಬೇಕಾದ ಸಿಮ್ಮಿನಲ್ಲಿ ಡೇಟಾ ಬರುವುದಿಲ್ಲ, ಪ್ಯಾಕ್ ಇಲ್ಲದ ಸಿಮ್ಮಿನಲ್ಲಿ ಬಿಲ್ ಏರುವ ಸಾಧ್ಯತೆ ತೆರೆದುಕೊಳ್ಳುತ್ತದೆ. ಜೊತೆಗೆ ಡೇಟಾಕ್ಕೆ ಆರಿಸಿರುವ ಸಿಮ್ ಯಾವುದು ಎಂಬ ಪ್ರತ್ಯೇಕ ಆಯ್ಕೆಯನ್ನೂ ನೋಡಿಕೊಳ್ಳಬೇಕು.

ಪ್ರಯಾಣಕ್ಕೆಂದೇ ಕೊಂಡ ಇ-ಸಿಮ್ ಬಳಸುವವರು ಇಲ್ಲಿ ಇನ್ನೊಂದು ರೀತಿಯಲ್ಲಿ ಎಡವುತ್ತಾರೆ. ಹೋಗುವ ದೇಶದ ಹೆಸರಿನಲ್ಲೇ ಮಾರಿದ್ದರಿಂದ ಅದು ಅಲ್ಲಿನ ಸ್ಥಳೀಯ ಸಿಮ್ ಎಂದು ತಿಳಿದು ರೋಮಿಂಗ್ ಸ್ವಿಚ್ಚನ್ನು ಆಫ್ ಮಾಡಿಯೇ ಇಟ್ಟಿರುತ್ತಾರೆ. ಇಂಥ ಇ-ಸಿಮ್‌ಗಳಲ್ಲಿ ಬಹಳಷ್ಟು ಮೂರನೇ ದೇಶವೊಂದರ ಕಂಪನಿಗೆ ಸೇರಿದವು. ಫೋನಿನ ದೃಷ್ಟಿಯಲ್ಲಿ ಅವೂ ರೋಮಿಂಗಿನಲ್ಲೇ ಇರುವುದರಿಂದ ಸ್ವಿಚ್ ಆನ್ ಆಗಿರಲೇಬೇಕು. ಮಾರಿದವರು ಕೊಟ್ಟ ಎಪಿಎನ್, ಅಂದರೆ ಡೇಟಾ ಯಾವ ದ್ವಾರದ ಮೂಲಕ ಇಂಟರ್ನೆಟ್ಟಿಗೆ ಹೋಗಬೇಕೆಂದು ಫೋನಿಗೆ ತಿಳಿಸುವ ಹೆಸರು, ಫೋನಿನಲ್ಲಿ ತಾನಾಗಿ ಬಂದಿಲ್ಲದಿದ್ದರೆ ಅದನ್ನೂ ಕೈಯಿಂದಲೇ ತುಂಬಬೇಕಾಗುತ್ತದೆ.

ಸ್ವಿಚ್ ಸರಿಯಿದೆ ಎಂಬುದಕ್ಕೆ ಸಾಕ್ಷಿ ಸ್ವಿಚ್ಚೇ. ಪುಟ ತೆರೆಯದಿದ್ದರೂ ಅದನ್ನು ಆನ್ ಸ್ಥಿತಿಯಲ್ಲೇ ಬಿಟ್ಟು ಮುಂದಕ್ಕೆ ಹೋಗಿರಿ.

ಅಲ್ಲಿನ ನೆಟ್‌ವರ್ಕಿನ ಒಪ್ಪಿಗೆ

ಸಿಗ್ನಲ್ ಗೆರೆಗಳು ಅಳೆಯುವುದು ಗೋಪುರದಿಂದ ಬರುವ ರೇಡಿಯೋ ಅಲೆಯ ಬಲವನ್ನು ಮಾತ್ರ. ಆ ಗೋಪುರದ ಒಡೆಯ ನಿಮ್ಮನ್ನು ಒಳಗೆ ಬಿಟ್ಟುಕೊಂಡಿದ್ದಾನೆಯೇ ಎಂಬುದನ್ನು ಅವು ಹೇಳುವುದಿಲ್ಲ. ಒಳಗೆ ಬಿಟ್ಟುಕೊಳ್ಳುವ ಕ್ರಿಯೆಗೆ ನೋಂದಣಿ ಎಂದು ಹೆಸರು. ಫೋನ್ ತನ್ನ ಸಿಮ್ಮಿನಲ್ಲಿರುವ ಗುರುತಿನ ಸಂಖ್ಯೆಯನ್ನು ಅಲ್ಲಿನ ನೆಟ್‌ವರ್ಕಿಗೆ ಕಳಿಸುತ್ತದೆ. ಆ ಸಂಖ್ಯೆಯ ಮೊದಲ ಮೂರು ಅಂಕಿಗಳು ಯಾವ ದೇಶದ ಸಿಮ್ ಎಂಬುದನ್ನೂ, ಮುಂದಿನ ಎರಡೋ ಮೂರೋ ಅಂಕಿಗಳು ಯಾವ ಕಂಪನಿ ಎಂಬುದನ್ನೂ ತಿಳಿಸುತ್ತವೆ. ಅಲ್ಲಿನ ನೆಟ್‌ವರ್ಕ್ ತನಗೂ ಆ ಕಂಪನಿಗೂ ಒಪ್ಪಂದವಿದ್ದರೆ ತವರು ಕಂಪನಿಯನ್ನೇ ವಿಚಾರಿಸಿ, ಅದು ಸರಿ ಎಂದರೆ ಮಾತ್ರ ನೋಂದಾಯಿಸಿಕೊಳ್ಳುತ್ತದೆ.

ನಿರಾಕರಣೆ ಬಂದಾಗ ನೆಟ್‌ವರ್ಕ್ ಅದರೊಂದಿಗೆ ಕಾರಣದ ಸಂಖ್ಯೆಯೊಂದನ್ನೂ ಕಳಿಸುತ್ತದೆ. ಆ ಸಂಖ್ಯೆ ಪರದೆಯ ಮೇಲೆ ಕಾಣದಿದ್ದರೂ ಫೋನಿನ ಮುಂದಿನ ನಡೆಯನ್ನು ತೀರ್ಮಾನಿಸುವುದು ಅದೇ. 11 ಎಂದು ಬಂದರೆ ಈ ನೆಟ್‌ವರ್ಕಿನಲ್ಲಿ ನಿಮಗೆ ಪ್ರವೇಶವಿಲ್ಲ ಎಂದರ್ಥ. ಫೋನ್ ಆ ನೆಟ್‌ವರ್ಕಿನ ಹೆಸರನ್ನು ಸಿಮ್ಮಿನೊಳಗಿರುವ ನಿಷೇಧಿತ ಪಟ್ಟಿಯಲ್ಲಿ ಬರೆದಿಡುತ್ತದೆ. 14 ಎಂದು ಬಂದರೆ ಈ ನೆಟ್‌ವರ್ಕಿನಲ್ಲಿ ನಿಮಗೆ ಡೇಟಾ ಸೇವೆಯಿಲ್ಲ ಎಂದರ್ಥ. ಇದನ್ನು ಬರೆದಿಡುವ ಪಟ್ಟಿ ಫೋನಿನ ನೆನಪಿನಲ್ಲಿರುತ್ತದೆ, ಫೋನ್ ಆರಿಸಿದರೆ ಅಳಿದುಹೋಗುತ್ತದೆ. ಫೋನನ್ನು ಒಮ್ಮೆ ಆರಿಸಿ ಹಾಕುವುದರಿಂದ ಕೆಲವು ಸಲ ಡೇಟಾ ಬಂದುಬಿಡುವುದಕ್ಕೂ, ಇನ್ನು ಕೆಲವು ಸಲ ಎಷ್ಟು ಸಲ ಆರಿಸಿ ಹಾಕಿದರೂ ಏನೂ ಆಗದಿರುವುದಕ್ಕೂ ಈ ವ್ಯತ್ಯಾಸ ಒಂದು ಮುಖ್ಯ ಕಾರಣ. ಸಿಮ್ಮಿನಲ್ಲಿ ಬರೆದ ಪಟ್ಟಿ ಫೋನ್ ಆರಿಸಿದರೆ ಹೋಗುವುದಿಲ್ಲ, ಏರೋಪ್ಲೇನ್ ಮೋಡಿಗೂ ಜಗ್ಗುವುದಿಲ್ಲ.

ಆ ಪಟ್ಟಿಯಲ್ಲಿ ಮಾಮೂಲಾಗಿ ನಾಲ್ಕು ಹೆಸರುಗಳಿಗೆ ಜಾಗವಿರುತ್ತದೆ, ಕೆಲವು ಸಿಮ್‌ಗಳಲ್ಲಿ ಹೆಚ್ಚೂ ಇರಬಹುದು. ಒಂದು ದೇಶದಲ್ಲಿ ಮೂರು ನಾಲ್ಕು ಕಂಪನಿಗಳಷ್ಟೇ ಇರುವುದು ಸಾಮಾನ್ಯವಾದ್ದರಿಂದ, ಕೆಟ್ಟ ಗಳಿಗೆಯಲ್ಲಿ ಫೋನ್ ಎಲ್ಲರ ಬಾಗಿಲನ್ನೂ ತಟ್ಟಿ ಬಂದರೆ ಇಡೀ ದೇಶವೇ ಪಟ್ಟಿಗೆ ಸೇರಿಬಿಡಬಹುದು. ಆಮೇಲೆ ತವರು ಕಂಪನಿ ಸೇವೆಯನ್ನು ತೆರೆದರೂ ಫೋನಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ Automatic ಆಯ್ಕೆಯಲ್ಲಿರುವ ಫೋನ್ ನಿಷೇಧಿತ ಪಟ್ಟಿಯಲ್ಲಿರುವವರನ್ನು ಮತ್ತೆ ಕೇಳಲು ಹೋಗುವುದಿಲ್ಲ.

ಬಳಕೆದಾರ ತಾನೇ ಹೆಸರು ಆರಿಸಿದಾಗ ನಿಯಮ ಬೇರೆ. ಆಗ ಪಟ್ಟಿಯಲ್ಲಿ ಏನು ಬರೆದಿದ್ದರೂ ಫೋನ್ ಆ ನೆಟ್‌ವರ್ಕನ್ನು ಹೊಸದಾಗಿ ಕೇಳಲೇಬೇಕು. ನೋಂದಣಿಯಾದರೆ ಆ ಹೆಸರನ್ನು ಪಟ್ಟಿಯಿಂದ ಅಳಿಸಬೇಕು. ಕೈಯಾರೆ ನೆಟ್‌ವರ್ಕ್ ಆರಿಸುವುದನ್ನು ಹಲವರು ಕೊನೆಯ ಪ್ರಯತ್ನವೆಂಬಂತೆ ಹೇಳುತ್ತಾರೆ. ನನ್ನ ಮಟ್ಟಿಗೆ ಸೇವೆ ತಡವಾಗಿ ಜಾರಿಯಾದ ಸಂದರ್ಭದಲ್ಲಿ ಅದೇ ಮೊದಲ ಪ್ರಯತ್ನವಾಗಬೇಕು.

ಆಂಡ್ರಾಯ್ಡ್‌ನಲ್ಲಿ ಅದೇ SIMs ಪುಟದೊಳಗೆ Automatically select network ಎಂಬುದನ್ನು ಆಫ್ ಮಾಡಿದರೆ, ಐಫೋನಿನಲ್ಲಿ Network Selection ಒಳಗೆ Automatic ಆಫ್ ಮಾಡಿದರೆ, ಫೋನ್ ಸುತ್ತಲಿನ ನೆಟ್‌ವರ್ಕುಗಳನ್ನು ಹುಡುಕತೊಡಗುತ್ತದೆ. ಇದಕ್ಕೆ ಒಂದೆರಡು ನಿಮಿಷ ಹಿಡಿಯುವುದು ಸಹಜ, ನಡುವೆ ಪುಟದಿಂದ ಹೊರಬಂದರೆ ಹುಡುಕಾಟ ಮೊದಲಿನಿಂದ ಆರಂಭವಾಗುತ್ತದೆ. ಪಟ್ಟಿ ಬಂದಾಗ ಕೆಲವು ಸಾಲುಗಳಲ್ಲಿ ಹೆಸರಿನ ಬದಲು ಐದು ಅಥವಾ ಆರು ಅಂಕಿಗಳ ಸಂಖ್ಯೆ ಇರಬಹುದು. ಅದೂ ಒಂದು ನೆಟ್‌ವರ್ಕೇ, ಫೋನಿಗೆ ಹೆಸರು ತಿಳಿದಿಲ್ಲ ಅಷ್ಟೆ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಸಿಗ್ನಲ್ ಬಲ ಆಧಾರವಲ್ಲ, ನಿಮ್ಮ ಪ್ಯಾಕಿನ ವಿವರದಲ್ಲಿ ಆ ದೇಶದ ಎದುರು ಬರೆದಿರುವ ಪಾಲುದಾರ ಕಂಪನಿಯ ಹೆಸರೇ ಆಧಾರ. ಬೇರೆ ಕಂಪನಿಯ ಮೇಲೆ ನೋಂದಣಿಯೇ ಆಗದಿರಬಹುದು, ಅಥವಾ ಕರೆಗಳು ಬಂದು ಡೇಟಾ ಬಾರದಿರಬಹುದು, ಅಥವಾ ಎಲ್ಲಕ್ಕಿಂತ ಕೆಟ್ಟದಾಗಿ, ಡೇಟಾ ಚೆನ್ನಾಗಿಯೇ ಬಂದು ಪ್ಯಾಕಿನ ಹೊರಗಿನ ದರದಲ್ಲಿ ಲೆಕ್ಕವಾಗಬಹುದು.

ಹೆಸರನ್ನು ಒತ್ತಿದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ. ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲು ಕಡೆ ಡಯಲ್ ಮಾಡುವ ಜಾಗದಲ್ಲಿ ಈ ಕೆಳಗಿನದನ್ನು ಒತ್ತಿದರೆ ಒಂದು ಪರೀಕ್ಷಾ ಪುಟ ತೆರೆಯುತ್ತದೆ.

```
*#*#4636#*#*
```

ಅದರಲ್ಲಿ ಫೋನಿನ ಮಾಹಿತಿಯ ಭಾಗಕ್ಕೆ ಹೋದರೆ ಕರೆಯ ಸೇವೆ ಮತ್ತು ಡೇಟಾ ಸೇವೆಯ ಸ್ಥಿತಿ ಬೇರೆ ಬೇರೆ ಸಾಲುಗಳಲ್ಲಿ ಕಾಣುತ್ತದೆ. ಡೇಟಾ ಸೇವೆಯ ಎದುರು In service ಎಂದಿದ್ದರೆ ಎರಡನೇ ಒಪ್ಪಿಗೆ ಸಿಕ್ಕಿದೆ ಎಂದರ್ಥ, ಪುಟ ತೆರೆಯಲಿ ಬಿಡಲಿ. ಕರೆಯ ಸೇವೆ ಇದ್ದು ಡೇಟಾ ಸೇವೆಯಲ್ಲಿ Out of service ಎಂದಿದ್ದರೆ ಪಾಲುದಾರನಲ್ಲದ ನೆಟ್‌ವರ್ಕಿನಲ್ಲಿದ್ದೀರಿ ಎಂದು ಸಂಶಯಿಸಬಹುದು. ಈ ಪುಟ ಸಿಗದ ಫೋನಿನಲ್ಲಿ ಸರಳವಾದ ಗುರುತೆಂದರೆ, ಪರದೆಯ ಮೇಲೆ Emergency calls only ಅಥವಾ No Service ಎಂದಿದ್ದರೆ ನೋಂದಣಿಯೇ ಆಗಿಲ್ಲ.

ಪಾಲುದಾರ ಕಂಪನಿಯನ್ನೇ ಆರಿಸಿದರೂ ನೋಂದಣಿ ನಿಲ್ಲದಿದ್ದರೆ 5ಜಿ ಬಿಟ್ಟು 4ಜಿಗೆ ಇಳಿಸಿ ನೋಡುವುದು ಯೋಗ್ಯ, ಏಕೆಂದರೆ ರೋಮಿಂಗ್ ಒಪ್ಪಂದಗಳು ಪ್ರತಿ ತಲೆಮಾರಿಗೂ ಬೇರೆಯಾಗಿರಬಹುದು. ಫೋನಿಗೆ ಅಲ್ಲಿನ ತರಂಗಪಟ್ಟಿಗಳೇ ಇಲ್ಲದಿದ್ದರೆ ಅಥವಾ ಫೋನ್ ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿದ್ದರೆ ಈ ಕೈಪಿಡಿಯಿಂದ ಪರಿಹಾರವಿಲ್ಲ.

ತವರು ಕಂಪನಿಯ ಒಪ್ಪಿಗೆ

ಹಣ ಕಟ್ಟಿದ ಪ್ಯಾಕಿಗೂ ಜಾರಿಯಲ್ಲಿರುವ ಪ್ಯಾಕಿಗೂ ವ್ಯತ್ಯಾಸವಿದೆ. ಕೆಲವು ಕಂಪನಿಗಳಲ್ಲಿ ಪ್ಯಾಕ್ ಕೊಂಡ ತಕ್ಷಣ ಆರಂಭವಾಗುತ್ತದೆ, ಕೆಲವರಲ್ಲಿ ವಿದೇಶದ ನೆಟ್‌ವರ್ಕಿನಲ್ಲಿ ಮೊದಲ ಬಾರಿ ಡೇಟಾ ಬಳಸಿದಾಗ, ಇನ್ನು ಕೆಲವರಲ್ಲಿ ಕೊಳ್ಳುವಾಗ ನಮೂದಿಸಿದ ದಿನಾಂಕದಂದು. ಅಂತರರಾಷ್ಟ್ರೀಯ ರೋಮಿಂಗ್ ಎಂಬ ಸೇವೆಯನ್ನು ಪ್ಯಾಕಿನಿಂದ ಬೇರೆಯಾಗಿ ತೆರೆಸಿಕೊಳ್ಳಬೇಕಾದ ಕಂಪನಿಗಳೂ ಇವೆ. ಆದ್ದರಿಂದ ವೈ-ಫೈ ಮೂಲಕ ಕಂಪನಿಯ ಆ್ಯಪ್ ತೆರೆದು ಎರಡು ಸಂಗತಿಗಳನ್ನು ನೋಡಬೇಕು: ರೋಮಿಂಗ್ ಸೇವೆ ತೆರೆದಿದೆಯೇ, ಮತ್ತು ಪ್ಯಾಕಿನ ಎದುರು ಜಾರಿಯಲ್ಲಿದೆ ಎಂದು ಬರೆದಿದೆಯೇ ಅಥವಾ ಮುಂದೆ ಆರಂಭವಾಗಲಿದೆ ಎಂದು ಬರೆದಿದೆಯೇ.

ದಿನಾಂಕದ ಆಧಾರದಲ್ಲಿ ಆರಂಭವಾಗುವ ಪ್ಯಾಕಿನಲ್ಲಿ ಯಾವ ಗಡಿಯಾರ ಎಂಬ ಪ್ರಶ್ನೆ ಏಳುತ್ತದೆ. ಹಲವು ಕಂಪನಿಗಳು ತವರಿನ ಸಮಯವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ, ಆದರೆ ಫೋನ್ ಇಳಿದ ಕೂಡಲೇ ಅಲ್ಲಿನ ಸಮಯಕ್ಕೆ ತಿರುಗಿಕೊಂಡಿರುತ್ತದೆ.

ನೋಂದಣಿಯೂ ಆಗಿ, ಪ್ಯಾಕೂ ಜಾರಿಯಲ್ಲಿದ್ದು, ಪುಟ ಮಾತ್ರ ಬರುತ್ತಿಲ್ಲವೆಂದರೆ ಫೋನಿಗೆ ಐಪಿ ವಿಳಾಸ ಸಿಕ್ಕಿದೆಯೇ ನೋಡಿರಿ. ಆಂಡ್ರಾಯ್ಡ್‌ನ About phone ಪುಟದಲ್ಲಿ IP address ಎಂಬ ಸಾಲು ಇರುತ್ತದೆ. ವೈ-ಫೈ ಆಫ್ ಆಗಿರುವಾಗ ಅಲ್ಲಿ Unavailable ಎಂದಿದ್ದರೆ ಇಂಟರ್ನೆಟ್ ಸಂಪರ್ಕ ಏರ್ಪಟ್ಟೇ ಇಲ್ಲ. ಎಪಿಎನ್ ತಪ್ಪಾಗಿರಬಹುದು, ಸ್ವಿಚ್ ಬೇರೆ ಸಿಮ್ಮಿನದಾಗಿರಬಹುದು. ವಿಳಾಸ ಸಿಕ್ಕಿದ್ದರೆ, ಅದು 10 ಎಂದು ಶುರುವಾಗಿದ್ದರೂ ಚಿಂತೆಯಿಲ್ಲ, ಸಂಪರ್ಕ ಏರ್ಪಟ್ಟಿದೆ. ರೋಮಿಂಗಿನಲ್ಲಿ ಡೇಟಾ ಸಾಮಾನ್ಯವಾಗಿ ತವರು ಕಂಪನಿಯ ದ್ವಾರಕ್ಕೆ ಹಿಂತಿರುಗಿ ಅಲ್ಲಿಂದ ಇಂಟರ್ನೆಟ್ಟಿಗೆ ಹೋಗುವುದರಿಂದ, ಈ ಹಂತದ ಅಡ್ಡಿ ಬಹುಮಟ್ಟಿಗೆ ಆ ದ್ವಾರದಲ್ಲಿ, ಅಂದರೆ ಪ್ಯಾಕ್ ಮುಗಿದಿರುವುದು ಅಥವಾ ಬಾಕಿ ಮೊತ್ತವಿರುವುದರಲ್ಲಿ, ಇಲ್ಲವೇ ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಫೋನಿನ Private DNS ಸೆಟ್ಟಿಂಗಿನಲ್ಲಿ ಸಿಗುತ್ತದೆ.

ಒಂದು ರಾತ್ರಿಯ ಪ್ರಕರಣ

ಇದೆಲ್ಲವನ್ನೂ ನಾನು ಕಲಿತದ್ದು ಒಂದೇ ರಾತ್ರಿಯಲ್ಲಿ. 12ನೇ ತಾರೀಖಿಗೆ ಪ್ಯಾಕ್ ಕೊಂಡಿದ್ದೆ. ಹೋದ ದೇಶದ ಸಮಯ ತವರಿನ ಸಮಯಕ್ಕಿಂತ ಎರಡೂವರೆ ಗಂಟೆ ಮುಂದಿತ್ತು. ವಿಮಾನ ಇಳಿದಾಗ ಫೋನಿನಲ್ಲಿ 12ನೇ ತಾರೀಖು, ಬೆಳಗಿನ ಜಾವ 1 ಗಂಟೆ. ಪರದೆಯ ಮೇಲೆ Emergency calls only ಎಂದಿತ್ತು, ಗೆರೆಗಳು ಮಾತ್ರ ತುಂಬಿದ್ದವು. ಸರತಿ ಸಾಲಿನಲ್ಲಿ ನಿಂತು ಏರೋಪ್ಲೇನ್ ಮೋಡನ್ನು ನಾಲ್ಕೈದು ಸಲ ಹಾಕಿ ತೆಗೆದೆ, ಫೋನನ್ನು ಎರಡು ಸಲ ಆರಿಸಿ ಹಾಕಿದೆ. ನೆಟ್‌ವರ್ಕುಗಳ ಪಟ್ಟಿ ತೆರೆದರೆ ಮೂರು ಹೆಸರುಗಳು ಬಂದವು, ಪಾಲುದಾರ ಕಂಪನಿಯನ್ನು ಒತ್ತಿದರೆ ನೋಂದಣಿ ಸಾಧ್ಯವಾಗಲಿಲ್ಲ ಎಂಬ ಉತ್ತರ. ಇದರಿಂದ ಪ್ರಯೋಜನವಿಲ್ಲ ಎಂದು Automatic ಮಾಡಿಟ್ಟೆ.

ಆಗ ತವರಿನಲ್ಲಿ ಇನ್ನೂ 11ನೇ ತಾರೀಖು, ರಾತ್ರಿ 10.30. ನನ್ನ ಕಂಪನಿ ಪ್ಯಾಕ್ ಆರಂಭವಾಗುವಾಗಲೇ ರೋಮಿಂಗ್ ಸೇವೆಯನ್ನೂ ತೆರೆಯುವ ಪದ್ಧತಿ ಇಟ್ಟುಕೊಂಡಿತ್ತು. ಅಂದರೆ ಅಲ್ಲಿನ ಸಮಯ 2.30 ಆಗುವವರೆಗೆ ಯಾವ ನೆಟ್‌ವರ್ಕೂ ನನ್ನನ್ನು ಸೇರಿಸಿಕೊಳ್ಳುವಂತಿರಲಿಲ್ಲ, ಮತ್ತು ಆ ಒಂದೂವರೆ ಗಂಟೆಯಲ್ಲಿ ನನ್ನ ಫೋನ್ ಮೂವರನ್ನೂ ಕೇಳಿ, ಮೂವರಿಂದಲೂ ಇಲ್ಲವೆನ್ನಿಸಿಕೊಂಡು, ಬಹುಶಃ ಮೂವರನ್ನೂ ಸಿಮ್ಮಿನಲ್ಲಿ ಬರೆದಿಟ್ಟಿತ್ತು.

3 ಗಂಟೆಯ ಹೊತ್ತಿಗೆ ಕೋಣೆ ಸೇರಿ ವೈ-ಫೈ ಮೂಲಕ ಆ್ಯಪ್ ನೋಡಿದರೆ ಪ್ಯಾಕ್ ಜಾರಿಯಲ್ಲಿದೆ ಎಂದಿತ್ತು. ಗ್ರಾಹಕ ಸೇವೆಯವರೊಡನೆ ಆ್ಯಪಿನ ಚಾಟಿನಲ್ಲಿ ಕೇಳಿದೆ.

“ಸರ್, ನಮ್ಮ ಕಡೆ ಎಲ್ಲ ಸರಿಯಾಗಿದೆ, ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ” ಎಂದು ಬರೆದರು.

ರೀಸ್ಟಾರ್ಟ್ ಮಾಡಿದೆ, ಅದೇ Emergency calls only. ಅವರು ಹೇಳಿದ್ದು ಸುಳ್ಳಲ್ಲ, ಅವರ ಕಡೆ ನಿಜವಾಗಿಯೂ ಎಲ್ಲ ಸರಿಯಿತ್ತು. ಫೋನ್ ಕೇಳುವುದನ್ನೇ ನಿಲ್ಲಿಸಿತ್ತು ಅಷ್ಟೆ. ಬೇರೇನೂ ತೋಚದೆ ಪಟ್ಟಿಯನ್ನು ಮತ್ತೆ ತೆರೆದು, ಎರಡು ಗಂಟೆಯ ಹಿಂದೆ ಸೋತಿದ್ದ ಅದೇ ಹೆಸರನ್ನು ಒತ್ತಿದೆ. ಅರ್ಧ ನಿಮಿಷದೊಳಗೆ ಕಂಪನಿಯ ಹೆಸರು ಮೇಲೆ ಬಂತು, ಹಿಂದೆಯೇ ತಡೆಹಿಡಿದಿದ್ದ ಮೂರು ಎಸ್‌ಎಂಎಸ್‌ಗಳು ಒಟ್ಟಿಗೆ ಬಿದ್ದವು; ಅವುಗಳಲ್ಲಿ ಒಂದು, ನಿಮ್ಮ ಪ್ಯಾಕ್ ಆರಂಭವಾಗಿದೆ ಎಂಬುದು.

ಆದರೂ ಪುಟ ತೆರೆಯಲಿಲ್ಲ. ಮೊದಲಾಗಿದ್ದರೆ ಈ ಹೆಜ್ಜೆಯನ್ನೂ ತಪ್ಪೆಂದು ಹಿಂದಕ್ಕೆ ತಿರುಗಿಸುತ್ತಿದ್ದೆ. ಎಸ್‌ಎಂಎಸ್ ಬಂದದ್ದು ನೋಂದಣಿಗೆ ಸಾಕ್ಷಿ, ಅದರಲ್ಲಿ ಬರೆದದ್ದು ಪ್ಯಾಕಿಗೆ ಸಾಕ್ಷಿ. ಉಳಿದದ್ದು ಮೊದಲನೆಯದೊಂದೇ. ನೋಡಿದರೆ, ನಾನು ಹೊರಡುವ ಮುನ್ನ ರೋಮಿಂಗ್ ಸ್ವಿಚ್ ಹಾಕಿದ್ದು ಇನ್ನೊಂದು ಸಿಮ್ಮಿಗೆ. ಅಲ್ಲಿ ಆರಿಸಿ ಇಲ್ಲಿ ಹಾಕಿದ ಕೂಡಲೇ 4G ಎಂಬ ಅಕ್ಷರ ಮೂಡಿತು.

ಕೈಯಾರೆ ಆರಿಸಿದ ಮೇಲಿನ ಎಚ್ಚರ

ಡೇಟಾ ಬಂದು ಸ್ಥಿರವಾದ ಮೇಲೆ Automatic ಗೆ ಮರಳಿಸಬಹುದು, ಏಕೆಂದರೆ ಆ ಹೆಸರು ಈಗ ನಿಷೇಧಿತ ಪಟ್ಟಿಯಿಂದ ಅಳಿದಿರುತ್ತದೆ. ಪಾಲುದಾರ ಒಬ್ಬನೇ ಆಗಿದ್ದು, ಫೋನ್ ಮತ್ತೆ ಮತ್ತೆ ಬೇರೆ ಕಂಪನಿಗೆ ಜಾರುತ್ತಿದ್ದರೆ ಮಾತ್ರ ಆ ದೇಶದಲ್ಲಿರುವಷ್ಟು ದಿನ ಕೈಯಾರೆ ಆರಿಸಿದ ಸ್ಥಿತಿಯಲ್ಲೇ ಇಡುವುದು ಲೇಸು. ಹಾಗೆ ಇಟ್ಟಾಗ, ಆರಿಸಿದ ನೆಟ್‌ವರ್ಕ್ ಸಿಗದ ಜಾಗದಲ್ಲಿ ಬೇರೆ ನೆಟ್‌ವರ್ಕ್ ಇದ್ದರೂ ಫೋನ್ ಅದಕ್ಕೆ ಹೋಗದೆ ಸೇವೆಯಿಲ್ಲದೆ ಕುಳಿತುಬಿಡಬಹುದು. ಗಡಿ ದಾಟಿ ಇನ್ನೊಂದು ದೇಶಕ್ಕೆ ಹೋದಾಗಲೂ, ಮನೆಗೆ ಮರಳಿ ಇಳಿದಾಗಲೂ No Service ಎಂದೇ ಕಂಡರೆ ಮೊದಲು ನೋಡಬೇಕಾದದ್ದು ಈ ಆಯ್ಕೆ ಇನ್ನೂ ಹಿಂದಿನ ದೇಶದ ಹೆಸರಿನ ಮೇಲೆಯೇ ಇದೆಯೇ ಎಂಬುದನ್ನು.